ಎಂಟನೇ ತರಗತಿಗೆ ಪ್ರಬಂಧ ಕಲಿಸುವುದು: ಒಂದು ಪ್ಯಾರಾ, ಒಬ್ಬ ಜೊತೆಗಾರ, ಎರಡು ಪ್ರಶ್ನೆ

ಎಂಟನೇ ತರಗತಿಯಲ್ಲಿ "ಮಳೆಗಾಲ" ಅಂತ ವಿಷಯ ಕೊಟ್ಟು ಪ್ರಬಂಧ ಬರೆಯಿರಿ ಅಂದರೆ ಏನು ಬರುತ್ತದೆ ಅಂತ ಕನ್ನಡ ಕಲಿಸುವ ಎಲ್ಲರಿಗೂ ಗೊತ್ತು. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಅಂತ ಮೂರು ತಲೆಬರಹ. ಅಡಿಗೆರೆ ಅಚ್ಚುಕಟ್ಟಾಗಿ ಹಾಕಿರುತ್ತಾರೆ. ಕೆಳಗೆ ನೋಡಿದರೆ "ಮಳೆ ಪ್ರಕೃತಿಯ ಅಮೂಲ್ಯ ಕೊಡುಗೆ" ಅಂತ ಶುರುವಾಗಿ "ಆದ್ದರಿಂದ ನಾವೆಲ್ಲರೂ ಮಳೆಯನ್ನು ಪ್ರೀತಿಸೋಣ" ಅಂತ ಮುಗಿಯುತ್ತದೆ. ನಲವತ್ತು ಪುಸ್ತಕದಲ್ಲಿ ಮೂವತ್ತು ಹೀಗೇ. ವರ್ಷಕ್ಕೆ ನಾಲ್ಕು ತಿಂಗಳು ಕೊಡೆ ಹಿಡಿದೇ ಶಾಲೆಗೆ ಬರುವ ಮಕ್ಕಳು, ಮಳೆ ಬಗ್ಗೆ ಬರೆಯುವಾಗ ಗೈಡ್ ನೋಡುತ್ತಾರೆ. ವಿಚಿತ್ರ ಅಲ್ವಾ?

ಮಕ್ಕಳಿಗೆ ಹೇಳಲು ಏನೂ ಇಲ್ಲ ಅಂತಲ್ಲ. ನಾವು ಕೇಳುವ ಕ್ರಮ ಹಾಗಿದೆ. ಒಂದೇ ಸಲಕ್ಕೆ ಪೂರ್ತಿ ಪ್ರಬಂಧ ಕೇಳುತ್ತೇವೆ, ಅದೂ ಪೀಠಿಕೆಯಿಂದ. ಇನ್ನೂ ಏನು ಹೇಳಬೇಕು ಅಂತಲೇ ಗೊತ್ತಿಲ್ಲದವರು ಪೀಠಿಕೆ ಹೇಗೆ ಬರೆಯುತ್ತಾರೆ? ಬಾಯಿಪಾಠದ ಸಾಲೇ ಗತಿ. ಆಮೇಲೆ ನಾವು ಕೆಂಪು ಪೆನ್ನಿನಲ್ಲಿ ಕಾಗುಣಿತ ತಿದ್ದಿ, "ಉತ್ತಮ" ಅಂತ ಬರೆದು ವಾಪಸ್ ಕೊಡುತ್ತೇವೆ. ಆ ಪುಟವನ್ನು ಮಗು ಮತ್ತೆ ತೆರೆಯುವುದೇ ಇಲ್ಲ.

ಇಲ್ಲಿ ಹೇಳುವ ಕ್ರಮ ಇದಕ್ಕೆ ತಿರುಗುಮುರುಗು. ಮೊದಲು ಒಂದೇ ಪ್ಯಾರಾ, ಅದೂ ಪ್ರಬಂಧದ ನಡುವಿನದ್ದು. ಅದನ್ನು ಪಕ್ಕದವರಿಗೆ ಓದಿ ಹೇಳುವುದು. ಪಕ್ಕದವರು ತಿದ್ದುವುದಿಲ್ಲ, ಪ್ರಶ್ನೆ ಮಾತ್ರ ಕೇಳುತ್ತಾರೆ. ಆ ಪ್ರಶ್ನೆಗಳಿಂದ ಎರಡನೇ ಕರಡು, ಅಲ್ಲಿಂದ ಉಳಿದ ಪ್ಯಾರಾಗಳು, ಕೊನೆಗೆ ಪೀಠಿಕೆ. ನಲವತ್ತು ನಿಮಿಷದ ಏಳು ಪಿರಿಯಡ್ ಬೇಕು. ವಾರಕ್ಕೆ ಮೂರು ಪಿರಿಯಡ್ ತೆಗೆದಿಟ್ಟರೆ ಎರಡೂವರೆ ವಾರದಲ್ಲಿ ಮುಗಿಯುತ್ತದೆ. ಜೂನ್ ಕೊನೆ ಅಥವಾ ಜುಲೈಯಲ್ಲಿ ಶುರು ಮಾಡಿದರೆ ನಾನಿಲ್ಲಿ ತೆಗೆದುಕೊಂಡ ವಿಷಯವೇ ನಿಮಗೂ ಆಗುತ್ತದೆ: ಜೋರು ಮಳೆಗೆ ಶಾಲೆಗೆ ರಜೆ ಕೊಡುವುದು ಸರಿಯಾ?

## ವಿಷಯ ಕೊಡುವಾಗ

"ಮಳೆಗಾಲ" ಅನ್ನುವುದು ವಿಷಯವೇ ಅಲ್ಲ, ತಲೆಬರಹ ಅಷ್ಟೇ. ಅದರಲ್ಲಿ ಒಂದು ಪ್ರಶ್ನೆ ಇರಬೇಕು. ಆ ಪ್ರಶ್ನೆಗೆ ತರಗತಿಯಲ್ಲಿ ಎರಡು ಉತ್ತರ ಇರಬೇಕು, ಮತ್ತು ಮಕ್ಕಳು ಕಣ್ಣಾರೆ ಕಂಡದ್ದು ಅದರಲ್ಲಿ ಉಪಯೋಗಕ್ಕೆ ಬರಬೇಕು. ಮಳೆ ರಜೆ ಈ ಮೂರಕ್ಕೂ ಸರಿಹೊಂದುತ್ತದೆ. ಉಡುಪಿ, ದಕ್ಷಿಣ ಕನ್ನಡದಲ್ಲಿ ಜಿಲ್ಲಾಧಿಕಾರಿಯವರ ಆದೇಶಕ್ಕೆ ರಾತ್ರಿಯೆಲ್ಲ ಮೊಬೈಲ್ ನೋಡುತ್ತಾ ಕೂರದ ಮಕ್ಕಳಿದ್ದಾರಾ? ಒಳನಾಡಿನ ಮಗುವಿಗೆ ರಜೆ ಅಂದರೆ ತೋಡು, ಅಂದರೆ ಸಣ್ಣ ಹಳ್ಳ, ದಾಟುವ ಕಷ್ಟ ತಪ್ಪಿದ್ದು. ಪೇಟೆಯ ಮಗುವಿಗೆ ಮನೆಯೊಳಗೆ ಕೂತು ಬೇಜಾರು. ಒಂದೇ ಬೆಂಚಿನಲ್ಲಿ ಎರಡೂ ಸಿಗುತ್ತವೆ.

ಮೊದಲ ಪಿರಿಯಡ್ ಪೂರ್ತಿ ಮಾತು. ಬರೆಯುವುದು ಬೇಡ. ಮಕ್ಕಳು ಹೇಳಿದ್ದನ್ನು ಬೋರ್ಡಿನ ಮೇಲೆ ನೀವು ಬರೆಯುತ್ತಾ ಹೋಗಿ, ಅವರ ಬಾಯಲ್ಲಿ ಬಂದ ಶಬ್ದದಲ್ಲೇ. "ಸಂಕದ ಮೇಲೆ ನೀರು ಬರ್ತದೆ", "ಗದ್ದೆಯ ಕಟ್ಟಪುಣಿಯಲ್ಲಿ ಜಾರ್ತದೆ", "ರಜೆ ಕೊಟ್ಟದ್ದು ಬಸ್ಸಿನಲ್ಲಿ ಕೂತ ಮೇಲೆ ಗೊತ್ತಾಯ್ತು", "ಶನಿವಾರ ಮಧ್ಯಾಹ್ನ ಕ್ಲಾಸ್ ಇಡ್ತಾರೆ". ಇವೆಲ್ಲ ಬೋರ್ಡಿಗೆ ಬರಲಿ. "ಮಳೆಯಿಂದ ಬೆಳೆ ಬೆಳೆಯುತ್ತದೆ" ಅಂತ ಯಾರಾದರೂ ಹೇಳಿದರೆ ಅದನ್ನೂ ಬರೆಯಿರಿ, ಪಕ್ಕದಲ್ಲಿ "ನೀನು ನೋಡಿದ್ದಾ, ಓದಿದ್ದಾ?" ಅಂತ ಕೇಳಿ ಸುಮ್ಮನಾಗಿ.

ಭಾಷೆಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ತರಗತಿಗಳಲ್ಲಿ ಮನೆಮಾತು ತುಳು, ಕೊಂಕಣಿ, ಬ್ಯಾರಿ, ಕುಂದಾಪುರದ ಕಡೆಯಾದರೆ ಕುಂದಗನ್ನಡ. ಪುಸ್ತಕದ ಕನ್ನಡ ಹೆಚ್ಚಿನವರಿಗೆ ಶಾಲೆಯಲ್ಲೇ ಕಲಿತ ಭಾಷೆ. ಮೊದಲ ಕರಡಿನಲ್ಲಿ ಶಬ್ದ ಸಿಗದಿದ್ದರೆ ಮನೆಮಾತಿನಲ್ಲೇ ಬರೆದು ಅಡಿಗೆರೆ ಹಾಕಲಿ. "ಉಂಟು", "ಹೋಗಲಿಕ್ಕೆ" ಇವೆಲ್ಲ ತಪ್ಪು ಅಂತ ಮೊದಲ ದಿನವೇ ಹೊಡೆದು ಹಾಕಿದರೆ ಮಗು ಗೈಡಿನ ಸಾಲಿಗೇ ವಾಪಸ್ ಹೋಗುತ್ತದೆ. ಅಸಲಿಗೆ ಅವು ತಪ್ಪೂ ಅಲ್ಲ. "ಬರ್ತದೆ"ಯನ್ನು "ಬರುತ್ತದೆ" ಮಾಡುವ ಕೆಲಸ ಕೊನೆಯ ಪಿರಿಯಡಿಗೆ ಇರಲಿ.

## ಮೊದಲ ಕರಡು

ಎರಡನೇ ಪಿರಿಯಡ್. ರಫ್ ಪುಸ್ತಕದಲ್ಲಿ ಎಡಗಡೆಯ ಪುಟದಲ್ಲಿ ಮಾತ್ರ ಬರೆಯಲು ಹೇಳಿ. ಬಲಗಡೆ ಖಾಲಿ ಇರಲಿ, ಎರಡನೇ ಕರಡು ಅಲ್ಲಿ ಬರುತ್ತದೆ. ಎರಡೂ ಎದುರುಬದುರು ಇದ್ದರೆ ಏನು ಬದಲಾಯಿತು ಅಂತ ಮಗುವಿಗೂ ಕಾಣುತ್ತದೆ, ನಿಮಗೂ ಕಾಣುತ್ತದೆ. ಒಂದು ಸಾಲು ಬಿಟ್ಟು ಒಂದು ಸಾಲು ಬರೆಯಲಿ. ರಬ್ಬರ್, ವೈಟ್ನರ್ ಬೇಡ. ಬೇಡದ್ದಕ್ಕೆ ಒಂದು ಗೆರೆ ಎಳೆದರೆ ಸಾಕು. ನೀಟಾಗಿ ಬರೆಯುವ ಹುಡುಗಿಯರಿಗೆ ಇದು ತುಂಬ ಕಷ್ಟ, ಪುಟ ಹರಿದು ಹೊಸದಾಗಿ ಬರೆಯಲು ಶುರು ಮಾಡುತ್ತಾರೆ. ಹರಿಯಬಾರದು ಅಂತ ಮೊದಲೇ ಹೇಳಿಡಿ.

ಕೇಳಬೇಕಾದದ್ದು ಇಷ್ಟೇ: "ರಜೆ ಬೇಕು ಅಥವಾ ಬೇಡ. ಒಂದೇ ಒಂದು ಕಾರಣ ಹೇಳಿ. ಎಂಟು ಹತ್ತು ವಾಕ್ಯ." ಹದಿನೈದು ನಿಮಿಷ ಕೊಡಿ. ಆ ಹೊತ್ತಿನಲ್ಲಿ ನೀವು ಬೆಂಚುಗಳ ನಡುವೆ ಓಡಾಡಿ ತಿದ್ದಬೇಡಿ. ಕೂತು ನೀವೂ ಒಂದು ಪ್ಯಾರಾ ಬರೆಯಿರಿ, ಮುಂದಿನ ಪಿರಿಯಡಿಗೆ ಅದು ಬೇಕು.

ಇಷ್ಟು ಹೇಳಿದರೂ ಮೊದಲ ಕರಡು ಹೀಗೆ ಬರುತ್ತದೆ. ಉದಾಹರಣೆಗಾಗಿ ನಾನೇ ಬರೆದದ್ದು, ಆದರೆ ಇಂಥದ್ದು ನಿಮ್ಮ ತರಗತಿಯಲ್ಲಿ ಕಡಿಮೆಯೆಂದರೂ ಹತ್ತು ಸಿಗುತ್ತವೆ:

"ಮಳೆ ಪ್ರಕೃತಿಯ ಕೊಡುಗೆ. ಮಳೆಗಾಲದಲ್ಲಿ ತುಂಬಾ ಮಳೆ ಬರುತ್ತದೆ. ಆಗ ಶಾಲೆಗೆ ರಜೆ ಕೊಡುತ್ತಾರೆ. ರಜೆ ಕೊಟ್ಟರೆ ಮಕ್ಕಳಿಗೆ ಖುಷಿ. ನಮ್ಮ ಮನೆಯ ಹತ್ತಿರ ತೋಡು ಇದೆ. ಅದರಲ್ಲಿ ನೀರು ಜಾಸ್ತಿ ಆಗುತ್ತದೆ. ಆಗ ದಾಟಲು ಕಷ್ಟ. ರಜೆ ಕೊಟ್ಟರೆ ಪಾಠ ಹಿಂದೆ ಉಳಿಯುತ್ತದೆ. ಆದ್ದರಿಂದ ನಾವು ಮಳೆಯನ್ನು ಪ್ರೀತಿಸಬೇಕು."

ಕಾಗುಣಿತ ತಪ್ಪು ಒಂದೂ ಇಲ್ಲ, ನೋಡಿ. ಹಳೆಯ ಕ್ರಮದಲ್ಲಿ ಇದಕ್ಕೆ ಒಳ್ಳೆಯ ಅಂಕ ಸಿಗುತ್ತದೆ. ಆದರೆ ಇದರಲ್ಲಿ ಪ್ಯಾರಾ ಇಲ್ಲ, ವಾಕ್ಯಗಳು ಮಾತ್ರ ಇವೆ. ಒಂಬತ್ತು ವಾಕ್ಯದಲ್ಲಿ ಮೂರು ಬೇರೆ ಬೇರೆ ಮಾತು: ಮಳೆ ಒಳ್ಳೆಯದು, ತೋಡು ದಾಟಲು ಕಷ್ಟ, ಪಾಠ ಹಿಂದೆ ಉಳಿಯುತ್ತದೆ. ರಜೆ ಬೇಕಾ ಬೇಡವಾ ಅಂತ ಗೊತ್ತೇ ಆಗುವುದಿಲ್ಲ. ಕೊನೆಯ ವಾಕ್ಯದ "ಆದ್ದರಿಂದ" ಯಾವುದರಿಂದ ಅಂತ ಕೇಳಿದರೆ ಬರೆದವರಿಗೂ ಗೊತ್ತಿಲ್ಲ. ಆದರೂ ಇದರೊಳಗೆ ಒಂದು ಜೀವಂತ ಜಾಗ ಇದೆ: ತೋಡು. ಅದನ್ನು ಹೊರಗೆ ತೆಗೆಯುವುದು ಹೇಗೆ? ನೀವೇ ಹೇಳಿಕೊಡಬಹುದು. ಆದರೆ ನಲವತ್ತೆರಡು ಮಕ್ಕಳಿಗೆ ನೀವೊಬ್ಬರೇ. ಅದಕ್ಕೇ ಜೊತೆಗಾರ ಬೇಕು.

## ಜೊತೆಗಾರರ ಕೆಲಸ ಏನು

ಮೂರನೇ ಪಿರಿಯಡಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಈ ಇಡೀ ಕ್ರಮ ನಿಲ್ಲುವುದೂ ಬೀಳುವುದೂ ಇಲ್ಲಿಯೇ.

ಮಕ್ಕಳಿಗೆ ಸುಮ್ನೆ "ಪುಸ್ತಕ ಬದಲಾಯಿಸಿ, ಒಬ್ಬರದ್ದು ಒಬ್ಬರು ನೋಡಿ" ಅಂದರೆ ಎರಡರಲ್ಲಿ ಒಂದು ಆಗುತ್ತದೆ. ಗೆಳೆಯನಾದರೆ "ಚೆನ್ನಾಗಿದೆ" ಅಂತ ಬರೆದು ಕೊಡುತ್ತಾನೆ. ಗೆಳೆಯ ಅಲ್ಲದಿದ್ದರೆ ಸಿಕ್ಕಿದ್ದೇ ಅವಕಾಶ ಅಂತ ಟೀಚರ್ ತರಹ ಕೆಂಪು ಪೆನ್ನು ಹಿಡಿದು ಒತ್ತಕ್ಷರ, ದೀರ್ಘ ಹುಡುಕುತ್ತಾನೆ. ಎರಡರಿಂದಲೂ ಬರಹ ಒಂದಿಂಚೂ ಮುಂದೆ ಹೋಗುವುದಿಲ್ಲ. ಅವರಿಗೆ ಗೊತ್ತಿರುವ ತಿದ್ದುವಿಕೆ ಅಂದರೆ ನಾವು ಮಾಡಿ ತೋರಿಸಿದ್ದೇ ತಾನೆ.

ಹಾಗಾಗಿ ಎರಡು ಕಟ್ಟುನಿಟ್ಟು ಇಡಿ. ಒಂದು, ಕೇಳುವವರ ಕೈಯಲ್ಲಿ ಪೆನ್ನು ಇರಬಾರದು. ಎರಡು, ಪುಸ್ತಕ ಬರೆದವರ ಕೈಯಲ್ಲೇ ಇರಬೇಕು. ಬರೆದವರು ಗಟ್ಟಿಯಾಗಿ ಓದಬೇಕು, ಪಕ್ಕದವರು ಕೇಳಬೇಕು. ಪುಸ್ತಕ ಕಾಣದಿದ್ದರೆ ಕಾಗುಣಿತ ಕಾಣುವುದಿಲ್ಲ, ಆಗ ಕಿವಿಗೆ ಬೀಳುವುದು ವಿಷಯ ಮಾತ್ರ. ಗಟ್ಟಿಯಾಗಿ ಓದುವಾಗ ಬರೆದವರಿಗೇ ಎಲ್ಲೋ ತಡವರಿಸುತ್ತದೆ. ಅಲ್ಲಿ ವಾಕ್ಯ ಮುರಿದಿದೆ ಅಂತ ಅರ್ಥ.

ಓದಿ ಆದ ಮೇಲೆ ಕೇಳಿದವರು ಮೂರು ಕೆಲಸ ಮಾಡಬೇಕು, ಇದೇ ಕ್ರಮದಲ್ಲಿ. ಮೊದಲು "ನೀನು ಹೇಳಿದ್ದು ಇದು ಅಂತ ನನಗೆ ಅರ್ಥ ಆಯ್ತು" ಅಂತ ಒಂದೇ ವಾಕ್ಯದಲ್ಲಿ ಹೇಳುವುದು. ಆಮೇಲೆ ಕಣ್ಣಿಗೆ ಕಟ್ಟಿದ ಒಂದು ಜಾಗ ಹೇಳುವುದು, ಇಲ್ಲದಿದ್ದರೆ ಇಲ್ಲ ಅನ್ನಬಹುದು. ಕೊನೆಗೆ ಎರಡು ಪ್ರಶ್ನೆ ಕೇಳುವುದು, ನಿಜವಾಗಿ ತನಗೆ ತಿಳಿಯಬೇಕು ಅನ್ನಿಸಿದ್ದು. "ಹೌದಾ, ಅಲ್ಲವಾ" ಅಂತ ಉತ್ತರಿಸಿ ಮುಗಿಸಬಹುದಾದ ಪ್ರಶ್ನೆಗಿಂತ ಹೇಗೆ, ಎಲ್ಲಿ, ಯಾಕೆ, ಎಷ್ಟು ಅನ್ನುವ ಪ್ರಶ್ನೆ ಒಳ್ಳೆಯದು. ಬರೆದವರು ಆ ಪ್ರಶ್ನೆಗಳನ್ನು ತಮ್ಮ ಕೈಯಿಂದಲೇ ಕರಡಿನ ಅಂಚಿನಲ್ಲಿ ಬರೆದುಕೊಳ್ಳಬೇಕು. ಬಾಯಲ್ಲಿ ಉತ್ತರ ಕೊಡಲು ಬಿಡಬೇಡಿ. ಬಾಯಲ್ಲಿ ಹೇಳಿ ಮುಗಿಸಿದರೆ ಬರೆಯುವ ಉಮೇದು ಅಲ್ಲೇ ಖರ್ಚಾಗುತ್ತದೆ.

ಇದನ್ನು ಬಾಯಲ್ಲಿ ವಿವರಿಸಿದರೆ ಸಾಲದು, ಮಾಡಿ ತೋರಿಸಬೇಕು. ಹಿಂದಿನ ದಿನ ನೀವು ಬರೆದ ಪ್ಯಾರಾ ಈಗ ತೆಗೆಯಿರಿ. ತೀರ ಚಂದ ಇದ್ದರೆ ಪ್ರಯೋಜನ ಇಲ್ಲ, ಒಂದೆರಡು ಕಡೆ ಸಪ್ಪೆ ಇರಲಿ. ಇಡೀ ತರಗತಿಗೆ ಓದಿ ಹೇಳಿ, ಪ್ರಶ್ನೆ ಕೇಳಲು ಹೇಳಿ. ಮೊದಲು ಯಾರೂ ಬಾಯಿ ಬಿಡುವುದಿಲ್ಲ. ಟೀಚರ್ ಬರೆದದ್ದಕ್ಕೆ ಏನು ಕೇಳುವುದು ಅಂತ ಮುಖ ಮುಖ ನೋಡುತ್ತಾರೆ. ಒಬ್ಬ ಹುಡುಗ "ಟೀಚರ್, ನೀವು ಬಸ್ಸು ತಡ ಆಯ್ತು ಅಂದ್ರಿ, ಯಾಕೆ ತಡ ಆಯ್ತು?" ಅಂತ ಕೇಳಿದ ಕೂಡಲೇ ಅದನ್ನು ಬೋರ್ಡಿನಲ್ಲಿ ಬರೆಯಿರಿ. ಒಂದು ಬಂದರೆ ಹತ್ತು ಬರುತ್ತವೆ. ಎರಡನ್ನು ಆರಿಸಿ, ಬೇಡದ್ದನ್ನು ಯಾಕೆ ಬಿಟ್ಟೆ ಅಂತ ಹೇಳಿ. ಕೇಳಿದ ಪ್ರಶ್ನೆಗೆಲ್ಲ ಉತ್ತರಿಸಬೇಕಾಗಿಲ್ಲ, ತೀರ್ಮಾನ ಬರೆದವರದ್ದು ಅಂತ ಮಕ್ಕಳಿಗೆ ಗೊತ್ತಾಗಬೇಕು. ಇದಕ್ಕೆ ಹದಿನೈದು ನಿಮಿಷ, ಉಳಿದದ್ದು ಜೋಡಿಗಳಿಗೆ.

ಜೋಡಿ ಮಾಡುವಾಗ ಅತಿ ಜಾಣರನ್ನು ಹಿಂದುಳಿದವರ ಜೊತೆ ಕೂರಿಸುವ ಅಭ್ಯಾಸ ಇಲ್ಲಿ ಕೆಲಸ ಮಾಡುವುದಿಲ್ಲ. ಜಾಣ ಮಗು ತಾನೇ ಬರೆದು ಕೊಟ್ಟುಬಿಡುತ್ತದೆ, ಇನ್ನೊಬ್ಬರು ನಕಲು ಮಾಡುತ್ತಾರೆ. ಹೆಚ್ಚುಕಡಿಮೆ ಸಮ ಇರುವವರು ಜೊತೆಯಾಗಲಿ. ಮನೆ ಇರುವ ಜಾಗ ಬೇರೆ ಬೇರೆ ಇದ್ದರೆ ಇನ್ನೂ ಒಳ್ಳೆಯದು. ತೋಡಿನ ಪಕ್ಕದ ಮಗುವಿಗೆ ಪೇಟೆಯ ಮಗು ಸಿಕ್ಕಿದರೆ ಪ್ರಶ್ನೆ ತನ್ನಷ್ಟಕ್ಕೇ ಹುಟ್ಟುತ್ತದೆ. ಯಾರಾದರೂ ಗೈರುಹಾಜರಾದರೆ ಮೂರು ಜನರ ಗುಂಪು ಮಾಡಿ.

ಗಲಾಟೆ ಆಗುತ್ತದೆ. ಇಪ್ಪತ್ತು ಜೋಡಿ ಒಟ್ಟಿಗೆ ಓದಿದರೆ ಪಕ್ಕದ ತರಗತಿಯ ಗಣಿತದವರು ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಅರ್ಧ ಜನರನ್ನು ಜಗಲಿಗೆ ಕಳಿಸಿ. ಜುಲೈಯಲ್ಲಿ ಇನ್ನೊಂದು ತೊಂದರೆ, ಶೀಟಿನ ಮಾಡಾದರೆ ಮಳೆ ಜೋರಾದಾಗ ಪಕ್ಕದವರು ಹೇಳಿದ್ದೂ ಕೇಳುವುದಿಲ್ಲ. ಆ ದಿನ ಪುಸ್ತಕ ಬದಲಾಯಿಸಿಕೊಂಡು ಮೌನವಾಗಿ ಓದಿ, ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಕೊಡಲಿ. ಪುಸ್ತಕದ ಮೇಲೆ ಮಾತ್ರ ಬರೆಯಬಾರದು.

## ಪ್ರಶ್ನೆಯಿಂದ ಎರಡನೇ ಕರಡು

ಮೇಲಿನ ತೋಡಿನ ಪ್ಯಾರಾಕ್ಕೆ ವಾಪಸ್ ಬರೋಣ. ಕೇಳಿದವಳು ಮೊದಲು ಹೇಳಿದ್ದು: "ನೀನು ಮಳೆ ಒಳ್ಳೆಯದು ಅಂತ ಹೇಳಿದ್ದು ಅಂತ ನನಗೆ ಅರ್ಥ ಆಯ್ತು." ಬರೆದವಳಿಗೆ ಆಶ್ಚರ್ಯ. "ಅಲ್ಲ ಮಾರಾಯ್ತಿ, ನಾನು ರಜೆ ಬೇಕು ಅಂತ ಹೇಳಿದ್ದು." ಈ ಒಂದು ಕ್ಷಣ ನೀವು ಬರೆಯುವ ಹತ್ತು ಷರಾಗಳಿಗೆ ಸಮ. ತಾನು ಅಂದುಕೊಂಡದ್ದು ಪುಟದ ಮೇಲೆ ಇಲ್ಲ ಅಂತ ಅವಳಿಗೆ ಗೊತ್ತಾಯಿತು. ಆಮೇಲೆ ಎರಡು ಪ್ರಶ್ನೆ: "ತೋಡು ಹೇಗೆ ದಾಟುವುದು?" "ಜೋರು ಮಳೆ ಬಂದರೆ ನೀರು ಎಲ್ಲಿಯವರೆಗೆ ಬರುತ್ತದೆ?"

ನಾಲ್ಕನೇ ಪಿರಿಯಡಿನಲ್ಲಿ ಬಲಗಡೆಯ ಪುಟದಲ್ಲಿ ಬಂದದ್ದು ಹೀಗಿರುತ್ತದೆ:

"ಜೋರು ಮಳೆ ಬರುವ ದಿನ ಶಾಲೆಗೆ ರಜೆ ಕೊಡಬೇಕು, ಯಾಕೆಂದರೆ ಎಲ್ಲರ ಮನೆಯ ಬಾಗಿಲಿಗೆ ರಸ್ತೆ ಇಲ್ಲ. ನಮ್ಮ ಮನೆಯಿಂದ ಬಸ್ಸಿಗೆ ಹೋಗಲು ಒಂದು ತೋಡು ದಾಟಬೇಕು. ಅದಕ್ಕೆ ಎರಡು ಅಡಿಕೆ ಮರ ಅಡ್ಡ ಹಾಕಿ ಮಾಡಿದ ಕಾಲುಸಂಕ ಇದೆ. ಬೇರೆ ದಿನ ನೀರು ಸಂಕಕ್ಕಿಂತ ತುಂಬ ಕೆಳಗೆ ಇರುತ್ತದೆ. ರಾತ್ರಿಯಿಡೀ ಮಳೆ ಬಂದರೆ ಬೆಳಿಗ್ಗೆ ನೀರು ಮರದ ಮೇಲೆಯೇ ಹರಿಯುತ್ತದೆ, ಕಾಲಿಡುವ ಜಾಗ ಕಾಣುವುದಿಲ್ಲ. ಅಮ್ಮ ನನ್ನ ಬ್ಯಾಗನ್ನು ತಲೆಯ ಮೇಲೆ ಇಟ್ಟುಕೊಂಡು ಮೊದಲು ದಾಟುತ್ತಾರೆ. ಆಮೇಲೆ ವಾಪಸ್ ಬಂದು ನನ್ನ ಕೈ ಹಿಡಿಯುತ್ತಾರೆ."

ಏನು ಬದಲಾಯಿತು ನೋಡಿ. ಕಷ್ಟ ಅನ್ನುವ ಶಬ್ದವೇ ಹೋಗಿದೆ, ಕಷ್ಟ ಮಾತ್ರ ಕಾಣುತ್ತಿದೆ. ಮೊದಲ ವಾಕ್ಯ ಏನು ಹೇಳುತ್ತದೋ ಉಳಿದ ಆರು ವಾಕ್ಯ ಅದನ್ನೇ ತೋರಿಸುತ್ತವೆ. ಪ್ಯಾರಾ ಅಂದರೆ ಏನು ಅಂತ ವ್ಯಾಖ್ಯಾನ ಬರೆಸುವ ಬದಲು ಈ ಎರಡು ಪುಟವನ್ನು ಎದುರುಬದುರು ಹಿಡಿದು ತೋರಿಸಿದರೆ ಮುಗಿಯಿತು. "ಪಾಠ ಹಿಂದೆ ಉಳಿಯುತ್ತದೆ" ಅನ್ನುವ ವಾಕ್ಯ ಇಲ್ಲಿಂದ ಹೊರಗೆ ಹೋಗಿದೆ. ಅದನ್ನು ಎಸೆಯಬೇಡಿ. ಪುಟದ ಕೆಳಗೆ ಒಂದು ಚೌಕ ಎಳೆದು ಅದರಲ್ಲಿ ಬರೆದಿಡಲು ಹೇಳಿ. ಮುಂದೆ ಅದೇ ಬೇಕಾಗುತ್ತದೆ.

ಎಲ್ಲ ಮಕ್ಕಳೂ ಹೀಗೆ ಬದಲಾಯಿಸುವುದಿಲ್ಲ. ಕೆಲವರು ಮೊದಲ ಕರಡನ್ನೇ ಚಂದದ ಅಕ್ಷರದಲ್ಲಿ ಮತ್ತೆ ಬರೆದು ಎರಡನೇ ಕರಡು ಅಂತ ಕೊಡುತ್ತಾರೆ. ಇದು ಅತಿ ಸಾಮಾನ್ಯ. ಕಂಡುಹಿಡಿಯುವುದು ಸುಲಭ: ಎಡಗಡೆ ಇಲ್ಲದ ಹೊಸ ವಾಕ್ಯಗಳಿಗೆ ಬಲಗಡೆ ಬಣ್ಣದ ಪೆನ್ಸಿಲಿನಿಂದ ಅಡಿಗೆರೆ ಹಾಕಲು ಮಕ್ಕಳಿಗೇ ಹೇಳಿ. ಮೂರು ಕಡೆಯೂ ಬಣ್ಣ ಇಲ್ಲದಿದ್ದರೆ ಅದು ಶುದ್ಧ ಪ್ರತಿ, ಕರಡಲ್ಲ. ಅಂಥವರ ಅಂಚಿನ ಪ್ರಶ್ನೆಗಳನ್ನು ನೋಡಿ. ಹೆಚ್ಚಾಗಿ ಪ್ರಶ್ನೆಯೇ ಸಪ್ಪೆ ಇರುತ್ತದೆ, "ನಿನಗೆ ಮಳೆ ಇಷ್ಟವಾ?" ಅಂತ. ಆಗ ತಪ್ಪು ಬರೆದವರದ್ದಲ್ಲ, ನೀವು ಹೋಗಿ ಒಂದು ಒಳ್ಳೆಯ ಪ್ರಶ್ನೆ ಕೇಳಿ ಬನ್ನಿ.

ವಾಕ್ಯ ಜೋಡಿಸುವುದನ್ನೂ ಈ ಪಿರಿಯಡಿನಲ್ಲೇ ಹತ್ತು ನಿಮಿಷ ಮಾಡಬಹುದು. ಈ ವಯಸ್ಸಿನವರು ಒಂದೋ ತುಂಡು ತುಂಡಾಗಿ ಬರೆಯುತ್ತಾರೆ, ಇಲ್ಲವೋ "ಮತ್ತು" ಹಾಕಿ ಉದ್ದಕ್ಕೆ ಎಳೆಯುತ್ತಾರೆ: "ಮಳೆ ಬಂತು ಮತ್ತು ತೋಡು ತುಂಬಿತು ಮತ್ತು ನಾವು ಶಾಲೆಗೆ ಹೋಗಲಿಲ್ಲ." ಕನ್ನಡದಲ್ಲಿ ಈ ಕೆಲಸ ಕ್ರಿಯಾಪದವೇ ಮಾಡುತ್ತದೆ. "ಮಳೆ ಬಂದು ತೋಡು ತುಂಬಿದ್ದರಿಂದ ನಾವು ಶಾಲೆಗೆ ಹೋಗಲಿಲ್ಲ." ವ್ಯಾಕರಣ ಪಾಠದಲ್ಲಿ ಕೃದಂತ ಅಂತ ಬಾಯಿಪಾಠ ಮಾಡಿದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅವರ ಕರಡಿನಿಂದಲೇ ಎರಡು ಜಾಗ ಆರಿಸಿ ಜೋಡಿಸಲಿ, ಎರಡು ಸಾಕು. ಇಲ್ಲದಿದ್ದರೆ ಉತ್ಸಾಹದಲ್ಲಿ ಇಡೀ ಪ್ಯಾರಾವನ್ನು ಒಂದೇ ವಾಕ್ಯ ಮಾಡಿಡುತ್ತಾರೆ.

## ಪ್ಯಾರಾದಿಂದ ಪ್ರಬಂಧ

ಐದನೇ ಪಿರಿಯಡ್ ಹೊತ್ತಿಗೆ ಪ್ರತಿಯೊಬ್ಬರ ಕೈಯಲ್ಲೂ ಒಂದು ಗಟ್ಟಿ ಪ್ಯಾರಾ ಇದೆ, ಚೌಕದಲ್ಲಿ ಹೊರಗಿಟ್ಟ ಒಂದೆರಡು ವಾಕ್ಯ ಇದೆ. ಆ ವಾಕ್ಯವೇ ಮುಂದಿನ ಪ್ಯಾರಾದ ಬೀಜ. ನಮ್ಮ ಹುಡುಗಿಯ ಚೌಕದಲ್ಲಿ "ಪಾಠ ಹಿಂದೆ ಉಳಿಯುತ್ತದೆ" ಅಂತ ಇದೆ. ಇದು ಅವಳ ಮಾತಿಗೆ ವಿರುದ್ಧ ಮಾತು. ಒಳ್ಳೆಯದೇ ಆಯಿತು. "ರಜೆ ಬೇಡ ಅನ್ನುವವರು ಏನು ಹೇಳುತ್ತಾರೆ, ಅದಕ್ಕೆ ನೀನು ಏನು ಹೇಳುತ್ತೀ?" ಅಂತ ಕೇಳಿದರೆ ಎರಡನೇ ಪ್ಯಾರಾ ಸಿದ್ಧ. ಬದಲಿಗೆ ಶನಿವಾರ ಮಧ್ಯಾಹ್ನ ತರಗತಿ ಇಡುವುದು, ರಜೆಯ ದಿನ ಬಿಸಿಯೂಟ ತಪ್ಪುವುದು, ಪೇಟೆಯಲ್ಲಿ ಹನಿ ಮಳೆ ಇಲ್ಲದಿದ್ದರೂ ಇಡೀ ಜಿಲ್ಲೆಗೆ ರಜೆ ಕೊಡುವುದು, ಹೀಗೆ ಮೊದಲ ದಿನದ ಬೋರ್ಡಿನ ಮಾತೆಲ್ಲ ಇಲ್ಲಿ ಬರುತ್ತದೆ.

ಮೂರನೇ ಪ್ಯಾರಾಕ್ಕೆ ಹೊರಗಿನ ಒಂದು ಸಂಗತಿ ಹುಡುಕಿ ತರಲು ಹೇಳಿ, ಒಂದೇ ಒಂದು. ಎಲ್ಲರೂ "ರೆಡ್ ಅಲರ್ಟ್" ಅಂತ ಬರೆಯುತ್ತಾರೆ. ಹಾಗೆಂದರೆ ಎಷ್ಟು ಮಳೆ ಅಂತ ಜೊತೆಗಾರ ಕೇಳಿದರೆ ಯಾರಿಗೂ ಗೊತ್ತಿರುವುದಿಲ್ಲ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 204.4 ಮಿಲಿಮೀಟರ್ ದಾಟಿದರೆ ಅತ್ಯಂತ ಭಾರಿ ಮಳೆ. ರೆಡ್ ಅಲರ್ಟ್ ಸಾಮಾನ್ಯವಾಗಿ ಈ ಎರಡನೆಯದ್ದಕ್ಕೆ. ಅಂಕಿ ತಂದರೆ ಸಾಲದು, ಅದನ್ನು ತನ್ನ ತೋಡಿಗೆ ಹೊಂದಿಸಿ ಬರೆಯಬೇಕು. "ಅಷ್ಟು ಮಳೆ ಬಂದ ದಿನ ನಮ್ಮ ಸಂಕ ಕಾಣುವುದೇ ಇಲ್ಲ" ಅಂತ ಒಂದು ವಾಕ್ಯ ಸೇರಿಸಿದರೆ ಅಂಕಿ ಅವಳದ್ದಾಯಿತು. ಸೇರಿಸಲು ಆಗದಿದ್ದರೆ ಆ ಅಂಕಿಯನ್ನು ಬಿಟ್ಟುಬಿಡಲಿ.

ಪೀಠಿಕೆ ಈಗ ಬರೆಯಬೇಕು, ಮೂರು ಪ್ಯಾರಾ ಆದ ಮೇಲೆ. ಏನು ಹೇಳಿದ್ದೇನೆ ಅಂತ ಗೊತ್ತಾದ ಮೇಲೆ ಅದಕ್ಕೆ ಬಾಗಿಲು ತೆಗೆಯುವುದು ಕಷ್ಟ ಅಲ್ಲ. ನನ್ನ ತರಗತಿಯಲ್ಲಿ ಇದಕ್ಕೆ ಒಂದೇ ನಿಯಮ: ಬೇರೆ ಯಾವ ಪ್ರಬಂಧಕ್ಕೂ ಹೊಂದದ ಪೀಠಿಕೆ ಬೇಕು. "ಇಂದಿನ ಆಧುನಿಕ ಯುಗದಲ್ಲಿ" ಅನ್ನುವುದು ಗ್ರಂಥಾಲಯಕ್ಕೂ ಆಗುತ್ತದೆ, ಪ್ಲಾಸ್ಟಿಕ್‌ಗೂ ಆಗುತ್ತದೆ, ಹಾಗಾಗಿ ಬೇಡ. ಉಪಸಂಹಾರಕ್ಕೆ ಮೂರು ನಾಲ್ಕು ವಾಕ್ಯ ಸಾಕು. ಉಪದೇಶದ ಬದಲು "ಹಾಗಾದರೆ ಏನು ಮಾಡಬಹುದು" ಅಂತ ಒಂದು ನಿರ್ದಿಷ್ಟ ಮಾತು ಇರಲಿ. ಇಡೀ ಜಿಲ್ಲೆಯ ಬದಲು ತಾಲೂಕಿಗೆ ಮಾತ್ರ ರಜೆ, ಹಿಂದಿನ ದಿನ ಸಂಜೆಯೇ ತಿಳಿಸುವುದು, ಅಥವಾ ಮರದ ಸಂಕದ ಬದಲು ಸಿಮೆಂಟಿನ ಕಿರುಸೇತುವೆ. ಮಕ್ಕಳು ಇದನ್ನೆಲ್ಲ ಯೋಚನೆ ಮಾಡಿ ಬರೆಯುತ್ತಾರೆ.

ಇಷ್ಟು ಒಂದೇ ಪಿರಿಯಡಿನಲ್ಲಿ ಮುಗಿಯುವುದಿಲ್ಲ. ಉಳಿದದ್ದು ಮನೆಯಲ್ಲಿ ಬರೆಯಲಿ. ಟ್ಯೂಷನ್ನಿನವರೋ ಅಕ್ಕನೋ ಬರೆದುಕೊಟ್ಟರೆ ಏನು ಮಾಡುವುದು ಅಂತ ಕೇಳುತ್ತೀರಿ. ಮೊದಲ ಪ್ಯಾರಾ ನಿಮ್ಮ ಕಣ್ಣೆದುರೇ ಆಗಿದೆಯಲ್ಲ, ಅದರ ಪಕ್ಕದಲ್ಲಿ ಇಟ್ಟು ಓದಿದರೆ ಬೇರೆಯವರ ಕೈ ತಕ್ಷಣ ಗೊತ್ತಾಗುತ್ತದೆ.

## ಎರಡನೇ ಸಲ ಜೊತೆಗಾರ

ಆರನೇ ಪಿರಿಯಡಿಗೆ ಜೋಡಿ ಬದಲಾಯಿಸಿ. ಹಳೆಯ ಜೊತೆಗಾರರಿಗೆ ಕಥೆ ಮೊದಲೇ ಗೊತ್ತು, ಹಾಗಾಗಿ ಬಿಟ್ಟುಹೋದದ್ದು ಅವರಿಗೆ ಕಾಣುವುದಿಲ್ಲ. ಈ ಸಲ ಪುಸ್ತಕ ಕೈಗೆ ಕೊಡಬಹುದು, ಪೆನ್ಸಿಲನ್ನೂ ಕೊಡಬಹುದು. ಕೆಲಸ ಬೇರೆ: ಪ್ರತಿ ಪ್ಯಾರಾ ಓದಿ, ಅದು ಏನು ಹೇಳುತ್ತದೆ ಅಂತ ಅಂಚಿನಲ್ಲಿ ನಾಲ್ಕೈದು ಶಬ್ದದಲ್ಲಿ ಬರೆಯುವುದು. "ಸಂಕ ದಾಟುವುದು ಅಪಾಯ", "ಪಾಠ ಹೋದರೂ ಶನಿವಾರ ಮಾಡಬಹುದು", ಹೀಗೆ. ಒಂದು ಪ್ಯಾರಾಕ್ಕೆ ಎರಡು ಮಾತು ಬರೆಯಬೇಕಾದರೆ ಆ ಪ್ಯಾರಾ ಒಡೆಯಬೇಕು. ಎರಡು ಪ್ಯಾರಾಕ್ಕೆ ಒಂದೇ ಮಾತು ಬಂದರೆ ಕೂಡಿಸಬೇಕು. ಏನೂ ಬರೆಯಲು ತೋಚದಿದ್ದರೆ ಅಲ್ಲಿ ಬರೀ ಅಲಂಕಾರ ಇದೆ ಅಂತ ಲೆಕ್ಕ. ಅಂಚಿನ ಮಾತುಗಳನ್ನು ಮೇಲಿನಿಂದ ಕೆಳಗೆ ಓದಿದರೆ ಇಡೀ ಪ್ರಬಂಧದ ಅಸ್ಥಿಪಂಜರ ಕಾಣುತ್ತದೆ. ಕ್ರಮ ಸರಿ ಇಲ್ಲದಿದ್ದರೆ ಅಲ್ಲೇ ಬಾಣ ಎಳೆದು ಬದಲಾಯಿಸಬಹುದು.

ಇಲ್ಲಿ ಕೆಲವರಿಗೆ ಬೇಜಾರಾಗುತ್ತದೆ. ಕಷ್ಟಪಟ್ಟು ಬರೆದ ಪ್ಯಾರಾದ ಎದುರು ಏನೂ ಬರೆಯದೆ ಬಿಟ್ಟರೆ ಕಣ್ಣೀರೂ ಬರಬಹುದು. "ಇದು ಬೇಡ" ಅಂತ ಯಾರೂ ಹೇಳುವ ಹಾಗಿಲ್ಲ, "ಇಲ್ಲಿ ನನಗೆ ಅರ್ಥ ಆಗಲಿಲ್ಲ" ಅಂತ ಮಾತ್ರ ಹೇಳಬಹುದು ಅನ್ನುವ ನಿಯಮ ಮೊದಲೇ ಇಟ್ಟರೆ ಹೆಚ್ಚಿನ ಜಗಳ ತಪ್ಪುತ್ತದೆ.

## ಕಾಗುಣಿತ, ಕೊನೆಗೆ

ಏಳನೇ ಪಿರಿಯಡಿನಲ್ಲಿ ಮಾತ್ರ ಕಾಗುಣಿತ. ಪ್ರತಿ ಮಗು ತಾನು ಯಾವಾಗಲೂ ಮಾಡುವ ಮೂರು ತಪ್ಪಿನ ಪಟ್ಟಿ ಪುಸ್ತಕದ ಹಿಂದೆ ಇಟ್ಟುಕೊಂಡಿರಲಿ. ಒಬ್ಬರಿಗೆ ಲ, ಳ, ಇನ್ನೊಬ್ಬರಿಗೆ ಮಹಾಪ್ರಾಣ, ಮತ್ತೊಬ್ಬರಿಗೆ "ಮಕ್ಕಳು ಬಂದವು" ಅಂತ ಕ್ರಿಯಾಪದ ತಪ್ಪುವುದು. ಪ್ರಬಂಧವನ್ನು ಕೊನೆಯ ವಾಕ್ಯದಿಂದ ಹಿಂದಕ್ಕೆ ಓದಿ ಹುಡುಕಲಿ. ಮುಂದಿನಿಂದ ಓದಿದರೆ ಅರ್ಥ ಎಳೆದುಕೊಂಡು ಹೋಗುತ್ತದೆ, ಅಕ್ಷರ ಕಾಣುವುದಿಲ್ಲ. ಜೊತೆಗಾರ ಸಂಶಯ ಬಂದ ಶಬ್ದಕ್ಕೆ ವೃತ್ತ ಮಾತ್ರ ಹಾಕಬೇಕು. ತಿದ್ದುವುದು ಬರೆದವರು, ನಿಘಂಟು ನೋಡಿ. "ಬರ್ತದೆ", "ಹೋಗ್ತಾರೆ" ಇವೆಲ್ಲ ಈಗ ಬರವಣಿಗೆಯ ರೂಪಕ್ಕೆ ಬರಲಿ. ಯಾರಾದರೂ ಆಡಿದ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿದ್ದರೆ ಅದನ್ನು ಹಾಗೆಯೇ ಬಿಡಿ. ತೋಡು, ಕಾಲುಸಂಕ, ಕಟ್ಟಪುಣಿ ಇವು ಇರಲೇಬೇಕು. ಘಟ್ಟದ ಮೇಲಿನವರಿಗೆ ಅರ್ಥ ಆಗದು ಅನ್ನಿಸಿದರೆ ಒಂದು ವಾಕ್ಯದಲ್ಲಿ ವಿವರಿಸಲಿ.

## ಅಂಕ ಹೇಗೆ

ಎಫ್‌ಎ ಚಟುವಟಿಕೆಗೆ ಇದನ್ನೇ ಹಿಡಿಯಬಹುದು, ಬೇರೆ ಪ್ರಾಜೆಕ್ಟ್ ಬೇಡ. ಹತ್ತು ಅಂಕವಾದರೆ ನಾನು ಹಂಚುವುದು ಹೀಗೆ: ಪ್ಯಾರಾಗಳು ಒಂದೊಂದು ಮಾತಿಗೆ ನಿಂತಿವೆಯಾ ಅಂತ ನೋಡಿ ನಾಲ್ಕು, ಎಡಬಲ ಪುಟದ ನಡುವಿನ ಬದಲಾವಣೆಗೆ ಮೂರು, ಜೊತೆಗಾರರಿಗೆ ಕೇಳಿದ ಪ್ರಶ್ನೆಗೆ ಎರಡು, ಕಾಗುಣಿತಕ್ಕೆ ಒಂದು. ಪ್ರಶ್ನೆಗೆ ಅಂಕ ಇದೆ ಅಂತ ಗೊತ್ತಾದ ದಿನದಿಂದ "ಚೆನ್ನಾಗಿದೆ" ನಿಲ್ಲುತ್ತದೆ. ಕೇಳಿದವರ ಹೆಸರನ್ನು ಪ್ರಶ್ನೆಯ ಪಕ್ಕದಲ್ಲೇ ಬರೆಸಿದರೆ ಲೆಕ್ಕ ಸುಲಭ. ನೀವು ಓದಬೇಕಾದದ್ದು ಕೊನೆಯ ಪ್ರತಿ ಮತ್ತು ಬಣ್ಣದ ಅಡಿಗೆರೆ ಮಾತ್ರ, ಎಲ್ಲ ಕರಡುಗಳನ್ನೂ ಅಲ್ಲ.

ಕನ್ನಡ ಎರಡನೇ ಭಾಷೆಯಾಗಿರುವ ವಿಭಾಗದಲ್ಲಿ ಇಡೀ ಪ್ರಬಂಧಕ್ಕೆ ಕೈ ಹಾಕಬೇಡಿ. ಒಂದು ಪ್ಯಾರಾ, ಎರಡು ಕರಡು, ಅಷ್ಟಕ್ಕೇ ನಿಲ್ಲಿಸಿ. ಜೋಡಿಗಳು ಪ್ರಶ್ನೆಯನ್ನು ತುಳುವಿನಲ್ಲೋ ಕೊಂಕಣಿಯಲ್ಲೋ ಕೇಳಿಕೊಂಡರೂ ತೊಂದರೆ ಇಲ್ಲ, ಬರೆದುಕೊಳ್ಳುವಾಗ ಕನ್ನಡ ಆಗಲಿ.

ಪರೀಕ್ಷೆಯಲ್ಲಿ ಕರಡೂ ಇಲ್ಲ, ಜೊತೆಗಾರರೂ ಇಲ್ಲ, ಇದು ಈ ಕ್ರಮದ ನಿಜವಾದ ಮಿತಿ. ಹಾಗಾಗಿ ಪರೀಕ್ಷೆಗೆ ಮೊದಲು ಎರಡು ಸಲ ಇದರ ಕಿರುರೂಪ ಮಾಡಿಸಿ. ಮೂರು ನಿಮಿಷ ಹಿಂದಿನ ಪುಟದಲ್ಲಿ "ಬೇಕಾ ಬೇಡವಾ, ಯಾಕೆ, ಎದುರು ಮಾತೇನು" ಅಂತ ಮೂರು ಸಾಲು. ಆಮೇಲೆ ಇಪ್ಪತ್ತು ನಿಮಿಷ ಬರೆಯುವುದು, ಪೀಠಿಕೆಗೆ ಮೇಲೆ ನಾಲ್ಕು ಸಾಲು ಖಾಲಿ ಬಿಟ್ಟು ನಡುವಿನ ಪ್ಯಾರಾದಿಂದ ಶುರು. ಕೊನೆಗೆ ಆ ನಾಲ್ಕು ಸಾಲು ತುಂಬಿ, ತುಟಿ ಅಲುಗಿಸಿ ಒಂದು ಸಲ ಓದಿ, ಜೊತೆಗಾರ ಇದ್ದಿದ್ದರೆ ಎಲ್ಲಿ "ಹೇಗೆ?" ಅಂತ ಕೇಳುತ್ತಿದ್ದ ಅಂತ ತಾನೇ ಹುಡುಕಿ ಅಲ್ಲಿ ಒಂದು ವಾಕ್ಯ ಸೇರಿಸುವುದು. ತಲೆಬರಹ ಕೊಡಲೇಬೇಕು ಅನ್ನುವ ಶಾಲೆಯಾದರೆ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಅಂತ ಕೊನೆಯ ನಿಮಿಷದಲ್ಲಿ ಬರೆದು ಅಡಿಗೆರೆ ಹಾಕಲಿ.